ಜಿಎಸ್‌ಟಿ ಶೋಕಾಸ್ ನೋಟಿಸ್: ಉತ್ತರದಲ್ಲಿ ಖುದ್ದು ವಿಚಾರಣೆ ಕೇಳೋದು ಹೇಗೆ, ಆಮೇಲೆ ಕೊಡೋ ಲಿಖಿತ ಹೇಳಿಕೆಯಲ್ಲಿ ಏನಿರಬೇಕು?

ಹಾವೇರಿ ಟೈಲ್ಸ್

ಎಲ್ಲಾರಿಗೂ ನಮಸ್ಕಾರ. ನಮ್ಮದು ಟೈಲ್ಸ್, ಸ್ಯಾನಿಟರಿ ಸಾಮಾನಿನ ಅಂಗಡಿ. 2022-23ನೇ ಸಾಲಿಗೆ ಸೆಕ್ಷನ್ 73ರ ಅಡಿ ಡಿಆರ್‌ಸಿ-01 ನೋಟಿಸ್ ಬಂದೈತಿ. 3ಬಿ ರಿಟರ್ನ್‌ನಾಗ ನಾವು ತಗೊಂಡ ಇನ್‌ಪುಟ್ ಕ್ರೆಡಿಟ್ಟು, ಮಾರಿದವರು ಹಾಕಿದ ಬಿಲ್ಲಿನ ಮ್ಯಾಲ ಪೋರ್ಟಲ್ ತೋರಿಸೂ 2ಬಿ ಪಟ್ಟಿಗಿಂತ 2,36,600 ರೂಪಾಯಿ ಜಾಸ್ತಿ ಐತಿ, ಅಷ್ಟನ್ನೂ ಬಡ್ಡಿ ದಂಡದ ಜೊತೆ ಕಟ್ಟರಿ ಅಂತ ಬರದಾರ. ಉತ್ತರಕ್ಕ 30 ದಿನ ಟೈಮ್ ಐತಿ. ನೋಟಿಸ್‌ನಾಗ ವಿಚಾರಣೆ ದಿನಾಂಕದ ಕಾಲಮ್ಮಿನಾಗ ‘ಎನ್‌ಎ’ ಅಂತ ಐತ್ರಿ.

ಲೆಕ್ಕ ನಮ್ಮ ತಮ್ಮ ತಗದಾನ. ಆದ್ರ ಅಂಕಿ ನೋಡಿದ ಕೂಡಲೆ ಅಧಿಕಾರಿಗೆ ತಿಳಿಯೂ ಹಂಗ ಇಲ್ಲ, ಎದುರು ಕುಂತು ಹೇಳಬೇಕು. ಖುದ್ದು ವಿಚಾರಣೆ ಬೇಕು ಅಂತ ಪತ್ರದಾಗ ಹೆಂಗ ಬರೀಬೇಕು? ಅದಾದ ಮ್ಯಾಲ ಸಣ್ಣದೊಂದು ಲಿಖಿತ ಹೇಳಿಕೆ ಕೊಡಬೇಕು ಅಂತಾರಲ್ಲ, ಅದರಾಗ ಏನಿರಬೇಕು? ಗೊತ್ತಿದ್ದವರು ಹೇಳ್ರಿ.

ಬಸವರಾಜ, ಹುಬ್ಬಳ್ಳಿ

ಪೋರ್ಟಲ್‌ನಲ್ಲಿ ಉತ್ತರದ ಫಾರ್ಮ್ ಡಿಆರ್‌ಸಿ-06 ಹಾಕುವಾಗ ಕೊನೆಗೆ ‘ಪರ್ಸನಲ್ ಹಿಯರಿಂಗ್ ಬೇಕೇ’ ಅಂತ ಕೇಳುತ್ತೆ. ಯೆಸ್ ಒತ್ತಿದರೆ ಮುಗೀತು, ಪತ್ರದಲ್ಲಿ ಬೇರೆ ಬರೆಯೋ ಅವಶ್ಯಕತೆ ಇಲ್ಲ. ಇನ್ನು ಕ್ರೆಡಿಟ್ ವ್ಯತ್ಯಾಸಕ್ಕೆ ಸಪ್ಲೈಯರ್ ಕಡೆಯಿಂದ ಒಂದು ಸರ್ಟಿಫಿಕೇಟ್ ತಂದುಕೊಟ್ಟರೆ ಸಾಕು, 5 ಲಕ್ಷದ ಒಳಗಿದ್ದರೆ ಸಿಎ ಸರ್ಟಿಫಿಕೇಟ್ ಕೂಡ ಬೇಡ. ಕೇಂದ್ರ ತೆರಿಗೆ ಮಂಡಳಿಯ 183ನೇ ಸುತ್ತೋಲೆಯಲ್ಲೇ ಇದೆ. ಇಷ್ಟಕ್ಕೆಲ್ಲ ಯಾಕೆ ತಲೆಬಿಸಿ?

ಶಾರದಾ, ತೆರಿಗೆ ವಕೀಲೆ

ಬಸವರಾಜ ಅವರೇ, ಯೆಸ್ ಒತ್ತಲೇಬೇಕು ಅನ್ನೋದು ಸರಿ. ಆದರೆ ಅದೊಂದನ್ನೇ ನಂಬಿಕೊಂಡು ಕೂರಬಾರದು. ಸೆಕ್ಷನ್ 75(4) ಪ್ರಕಾರ ಎರಡು ಸಂದರ್ಭಗಳಲ್ಲಿ ವಿಚಾರಣೆ ಕೊಡಲೇಬೇಕು. ಒಂದು, ತೆರಿಗೆದಾರರು ಲಿಖಿತವಾಗಿ ಕೇಳಿದಾಗ. ಇನ್ನೊಂದು, ಅವರ ವಿರುದ್ಧ ಆದೇಶ ಬರುವಂತಿದ್ದಾಗ. ಎರಡನೆಯದು ನಾವು ಕೇಳದಿದ್ದರೂ ಅನ್ವಯಿಸುತ್ತದೆ. 2022ರಲ್ಲಿ ಅಲಹಾಬಾದ್ ಹೈಕೋರ್ಟ್ ಭಾರತ್ ಮಿಂಟ್ ಪ್ರಕರಣದಲ್ಲಿ, ತೆರಿಗೆದಾರರು ಕೇಳದಿದ್ದರೂ ಪ್ರತಿಕೂಲ ಆದೇಶಕ್ಕೆ ಮೊದಲು ವಿಚಾರಣೆ ಕೊಡಬೇಕಿತ್ತು ಎಂದೇ ಹೇಳಿತು. ಕರ್ನಾಟಕದ ಅಧಿಕಾರಿಯನ್ನು ಆ ತೀರ್ಪು ನೇರವಾಗಿ ಕಟ್ಟಿಹಾಕುವುದಿಲ್ಲ, ಆದರೆ ಕಾಯ್ದೆಯ ಮಾತು ಎಲ್ಲ ಕಡೆ ಒಂದೇ.

ಹಾಗಿದ್ದೂ ಪತ್ರದಲ್ಲಿ ಯಾಕೆ ಬರೆಯಬೇಕು ಅಂದರೆ, ನಾಳೆ ಮೇಲ್ಮನವಿಗೆ ಹೋದಾಗ ನೀವು ತೋರಿಸುವುದು ನಿಮ್ಮ ಉತ್ತರದ ಪ್ರತಿಯನ್ನೇ. ಯಾವ ವಿಷಯಕ್ಕೆ ವಿಚಾರಣೆ ಕೇಳಿದ್ದಿರಿ ಎಂಬುದು ಅದರಲ್ಲಿ ಕಾಣಬೇಕು. ಪೋರ್ಟಲ್‌ನ ಗುರುತು ಆ ಕಾರಣವನ್ನು ಹೇಳುವುದಿಲ್ಲ.

ನಾನು ನೋಡುವ ಬಹಳಷ್ಟು ಉತ್ತರಗಳಲ್ಲಿ ಕೊನೆಯ ಸಾಲು ಹೀಗಿರುತ್ತದೆ: ‘ಅವಶ್ಯವೆನಿಸಿದಲ್ಲಿ ವಿಚಾರಣೆಗೆ ಅವಕಾಶ ಕೊಡಬೇಕಾಗಿ ಕೋರುತ್ತೇವೆ.’ ಹೀಗೆ ಬರೆದರೆ ಅವಶ್ಯವೋ ಅಲ್ಲವೋ ಎಂದು ತೀರ್ಮಾನಿಸುವ ಕೆಲಸವನ್ನು ನಾವೇ ಅಧಿಕಾರಿಗೆ ಒಪ್ಪಿಸಿದ ಹಾಗೆ. ‘ಅವಶ್ಯವೆನಿಸಿದಲ್ಲಿ’ ತೆಗೆಯಿರಿ. ಉತ್ತರದ ಕಟ್ಟಕಡೆಯ ಸಾಲಿನಲ್ಲಿ ಹುದುಗಿಸಬೇಡಿ, ಬೇರೆ ಶೀರ್ಷಿಕೆ ಕೊಟ್ಟು ಬೇರೆ ಪ್ಯಾರಾ ಮಾಡಿ. ಪತ್ರದ ‘ವಿಷಯ’ದ ಸಾಲಿನಲ್ಲೂ ‘ಉತ್ತರ ಹಾಗೂ ಖುದ್ದು ವಿಚಾರಣೆಗೆ ಕೋರಿಕೆ’ ಎಂದು ಹಾಕಿ.

ಹಾವೇರಿಯವರೇ, ಆ 2,36,600 ಹೇಗೆ ಬಂತು ಎಂದು ಬಿಡಿಸಿ ಹೇಳಿದರೆ ಪ್ಯಾರಾ ಬರೆದುಕೊಡುತ್ತೇನೆ. 183ನೇ ಸುತ್ತೋಲೆಯ ಬಗ್ಗೆ ಆಮೇಲೆ ಹೇಳುತ್ತೇನೆ, ಅದು ಇವರ ವರ್ಷಕ್ಕೆ ಹೊಂದುವುದಿಲ್ಲ.

ನಾಗರತ್ನ ಎಸ್.

ನನಗೂ ಇದೇ ಆಗಿದೆ. ನಮ್ಮ ಮನೆ ಖಾತಾ ವಿಚಾರದಲ್ಲಿ ಪುರಸಭೆಗೆ ಅರ್ಜಿ ಕೊಟ್ಟು ಎಷ್ಟೋ ಕಾಲವಾಯಿತು, ಕರೆದು ಕೇಳುತ್ತಲೇ ಇಲ್ಲ. ಈ 75(4) ಹಾಕಿ ಬರೆದರೆ ಕರೆಯುತ್ತಾರಾ ಮೇಡಂ?

ಶಾರದಾ, ತೆರಿಗೆ ವಕೀಲೆ

ಇಲ್ಲ ನಾಗರತ್ನ ಅವರೇ, ಇದು ಜಿಎಸ್‌ಟಿ ಕಾಯ್ದೆಯ ಸೆಕ್ಷನ್. ಖಾತಾ ಬೇರೆ ಕಾನೂನಿನ ಅಡಿ ಬರುತ್ತದೆ. ದಯವಿಟ್ಟು ಬೇರೆ ಎಳೆ ತೆರೆಯಿರಿ, ಆ ವಿಷಯ ತಿಳಿದವರು ಇಲ್ಲಿದ್ದಾರೆ.

ಹಾವೇರಿ ಟೈಲ್ಸ್

ಮೇಡಂ, ಬಿಡಿಸಿ ಹೇಳ್ತೀನಿ. ಮೂರು ಭಾಗ ಅದಾವು.

62,000 ರೂಪಾಯಿ ಲಾರಿ ಬಾಡಿಗಿದು. ಮೊರ್ಬಿಯಿಂದ ಟೈಲ್ಸ್ ತರೂದು, ಲಾರಿಯವರು ಜಿಎಸ್‌ಟಿ ನೋಂದಣಿ ಇಲ್ಲದವರು. ವರ್ಷಕ್ಕ 12,40,000 ಬಾಡಿಗಿ, ಅದಕ್ಕ 5 ಪರ್ಸೆಂಟ್ ರಿವರ್ಸ್ ಚಾರ್ಜ್ ನಾವೇ ಕ್ಯಾಶಿನಾಗ ಕಟ್ಟಿ ಕ್ರೆಡಿಟ್ ತಗೊಂಡೀವಿ.

1,17,000 ಅಂದ್ರ 2022ರ ಮಾರ್ಚ್ ಕಡೀಗೆ ಮೊರ್ಬಿಯವರು ಹಾಕಿದ ಬಿಲ್ಲು. ಮಾಲಿನ ಬೆಲಿ 6,50,000. ಬಿಲ್ಲು ಮಾರ್ಚ್ 2ಬಿ ಒಳಗ ಬಂತು. ಮಾಲು ನಮ್ಮ ಗೋದಾಮಿಗೆ ಮುಟ್ಟಿದ್ದು ಏಪ್ರಿಲ್‌ದಾಗ. ಅದಕ್ಕ ಕ್ರೆಡಿಟ್ ಏಪ್ರಿಲ್‌ನಾಗ ತಗೊಂಡೀವಿ.

ಉಳಿದ 57,600 ಹುಬ್ಬಳ್ಳಿ ವ್ಯಾಪಾರಿದು, ಮಾಲು 3,20,000. ಅವ್ರು ತಮ್ಮ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಾಗ ನಮ್ಮ ನಂಬರ್ ಹಾಕದ ಬಿ2ಸಿ, ಅಂದ್ರ ನೋಂದಣಿ ಇಲ್ಲದ ಗಿರಾಕಿಗೆ ಮಾರಿದ್ದು ಅಂತ ತೋರಿಸಿಬಿಟ್ಟಾರ. ತೆರಿಗಿ ಕಟ್ಟಿದ್ದು ಖರೆ, ನಮ್ಮ 2ಬಿಗೆ ಮಾತ್ರ ಬರಲೇ ಇಲ್ಲ.

ಶಾರದಾ, ತೆರಿಗೆ ವಕೀಲೆ

ಇಷ್ಟು ಸ್ಪಷ್ಟವಾಗಿದ್ದರೆ ಅರ್ಧ ಕೆಲಸ ಆದಂತೆ. ಮೊದಲ ಎರಡು ಗಟ್ಟಿ. ಮೂರನೆಯದು ಕಷ್ಟದ್ದು.

ಲಾರಿ ಬಾಡಿಗೆ: ನೋಂದಣಿ ಇಲ್ಲದವರಿಗೆ ನೀವೇ ಸೆಲ್ಫ್ ಇನ್‌ವಾಯ್ಸ್ ಮಾಡುತ್ತೀರಿ, ಅದು 2ಬಿಯಲ್ಲಿ ಬರುವ ದಾರಿಯೇ ಇಲ್ಲ. 3ಬಿಯಲ್ಲಿ ತೆರಿಗೆ 3.1(ಡಿ)ಯಲ್ಲಿ, ಕ್ರೆಡಿಟ್ 4(ಎ)(3)ರಲ್ಲಿ ಇರುತ್ತದೆ. ನೋಟಿಸ್‌ನ ಕೋಷ್ಟಕ ಇಡೀ 4(ಎ)ಯನ್ನು 2ಬಿ ಜೊತೆ ಹೋಲಿಸಿದೆ ಅಂತ ಕಾಣುತ್ತದೆ, ನೋಡಿ. ಹಾಗಾದರೆ ವ್ಯತ್ಯಾಸ ಹುಟ್ಟಿದ್ದು ಹೋಲಿಕೆಯ ಕ್ರಮದಿಂದಲೇ.

ಮಾರ್ಚ್ ಬಿಲ್ಲು: ಮಾಲು ಕೈ ಸೇರದೆ ಕ್ರೆಡಿಟ್ ಇಲ್ಲ ಎಂದು 16(2)(ಬಿ) ಹೇಳುತ್ತದೆ. ನೀವು ಅದನ್ನೇ ಪಾಲಿಸಿದ್ದೀರಿ.

ವಿಚಾರಣೆ ಕೋರುವ ಪ್ಯಾರಾ ಹೀಗೆ ಬರೆಯಬಹುದು:

‘ಸಿಜಿಎಸ್‌ಟಿ ಹಾಗೂ ಕೆಜಿಎಸ್‌ಟಿ ಕಾಯ್ದೆಗಳ ಸೆಕ್ಷನ್ 75(4)ರ ಅಡಿ ಖುದ್ದು ವಿಚಾರಣೆಗೆ ಅವಕಾಶ ನೀಡಬೇಕೆಂದು ಕೋರುತ್ತೇವೆ. ನೋಟಿಸ್‌ನಲ್ಲಿ ವಿಚಾರಣೆಯ ದಿನಾಂಕ ನಮೂದಾಗಿಲ್ಲ. ಮೇಲಿನ ಎರಡನೇ ಅಂಶದಲ್ಲಿ 2021-22 ಮತ್ತು 2022-23 ಎರಡೂ ಸಾಲುಗಳ ರಿಟರ್ನ್‌ಗಳನ್ನು ಲಾರಿ ರಸೀದಿ, ಇ-ವೇ ಬಿಲ್ ಮತ್ತು ದಾಸ್ತಾನು ಪುಸ್ತಕದೊಂದಿಗೆ ತಾಳೆ ಹಾಕಿ ತೋರಿಸಬೇಕಾಗಿದೆ. ಮೂಲ ದಾಖಲೆಗಳನ್ನು ವಿಚಾರಣೆಯಲ್ಲಿ ಹಾಜರುಪಡಿಸುತ್ತೇವೆ. ವಿಚಾರಣೆಯಲ್ಲಿ ಎತ್ತುವ ಪ್ರಶ್ನೆಗಳಿಗೆ ಸಂಬಂಧಿಸಿ ಸಂಕ್ಷಿಪ್ತ ಲಿಖಿತ ಹೇಳಿಕೆ ಸಲ್ಲಿಸಲು ಅನುಮತಿ ಕೋರುತ್ತೇವೆ. ವಿಚಾರಣೆಯ ದಿನಾಂಕವನ್ನು ಪೋರ್ಟಲ್ ಜೊತೆಗೆ ಈ ಕೆಳಗಿನ ಇ-ಮೇಲ್‌ಗೂ ತಿಳಿಸಬೇಕೆಂದು ವಿನಂತಿ.’

ಕಾರಣ ಹೇಳಿದ್ದು ಗಮನಿಸಿ. ‘ನಮ್ಮ ಅಹವಾಲು ಹೇಳಿಕೊಳ್ಳಬೇಕು’ ಎಂದು ಬರೆದರೆ, ಉತ್ತರದಲ್ಲೇ ಹೇಳಿದ್ದೀರಲ್ಲ ಅನ್ನುತ್ತಾರೆ. ಮೂಲ ದಾಖಲೆ ಎದುರಿಟ್ಟು ತಾಳೆ ಹಾಕಬೇಕು ಅಂದರೆ ಹಾಗೆ ಹೇಳುವುದು ಕಷ್ಟ.

ಒಂದು ಎಚ್ಚರಿಕೆ. ವಿಚಾರಣೆ ಸಿಗುತ್ತದೆ ಎಂದು ಉತ್ತರವನ್ನು ತೆಳ್ಳಗೆ ಮಾಡಬೇಡಿ. ‘ವಿವರ ವಿಚಾರಣೆಯಲ್ಲಿ ಹೇಳುತ್ತೇವೆ’ ಎಂದು ಎರಡು ಸಾಲು ಬರೆದು ಕೂತವರಿಗೆ, ವಿಚಾರಣೆ ನಡೆಯದೇ ಆದೇಶ ಬಂದಾಗ ದಾಖಲೆಯಲ್ಲಿ ಏನೂ ಇರುವುದಿಲ್ಲ. ವಿಚಾರಣೆಯೇ ಇಲ್ಲ ಅನ್ನುವ ಹಾಗೆ ಉತ್ತರ ಬರೆಯಿರಿ, ಆಮೇಲೆ ವಿಚಾರಣೆ ಕೇಳಿ.

ಬಸವರಾಜ, ಹುಬ್ಬಳ್ಳಿ

183ನೇ ಸುತ್ತೋಲೆ ಯಾಕೆ ಬೇಡ ಮೇಡಂ? ನಮ್ಮ ಅಂಗಡಿಗೆ ಅದರಿಂದಲೇ ಕೇಸು ಮುಗಿದಿದೆ.

ಶಾರದಾ, ತೆರಿಗೆ ವಕೀಲೆ

ನಿಮ್ಮದು 2017-18 ಅಥವಾ 2018-19 ಇರಬೇಕು. 2022ರ ಡಿಸೆಂಬರಿನ ಆ ಸುತ್ತೋಲೆ ಆ ಎರಡು ಸಾಲುಗಳಿಗೆ. 2023ರ ಜುಲೈಯಲ್ಲಿ ಬಂದ 193ನೇ ಸುತ್ತೋಲೆ ಅದನ್ನು 2021ರ ಡಿಸೆಂಬರ್ 31ರ ತನಕ, ಮಿತಿಗಳೊಂದಿಗೆ, ಎಳೆಯಿತು. 2022ರ ಜನವರಿ 1ರಿಂದ 16(2)(ಎಎ) ಜಾರಿಯಾಗಿದೆ. 2ಬಿಯಲ್ಲಿ ಕಾಣದ ಬಿಲ್ಲಿಗೆ ಕ್ರೆಡಿಟ್ ಇಲ್ಲ ಅನ್ನುವುದು ಈಗ ಕಾಯ್ದೆಯ ಮಾತೇ. ಹಾವೇರಿಯವರು 183ನ್ನು ಹಿಡಿದು ಹೋದರೆ ಅಧಿಕಾರಿ ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತಾರೆ, ಜೊತೆಗೆ ಉಳಿದ ಎರಡು ಗಟ್ಟಿ ಅಂಶಗಳ ಮೇಲಿನ ನಂಬಿಕೆಯೂ ಸಡಿಲಾಗುತ್ತದೆ.

ಬಸವರಾಜ, ಹುಬ್ಬಳ್ಳಿ

ಆದರೂ ಸರ್ಟಿಫಿಕೇಟ್ ಇಟ್ಟರೆ ನಷ್ಟವೇನಿಲ್ಲ. ಸಪ್ಲೈಯರ್ ತೆರಿಗೆ ಕಟ್ಟಿದ್ದಾನೆ ಅನ್ನೋದಕ್ಕೆ ಅದೇ ಸಾಕ್ಷಿ.

ಗಿರೀಶ, ಶಿವಮೊಗ್ಗ (ಅಕೌಂಟೆಂಟ್)

ಸರ್ಟಿಫಿಕೇಟ್ ಇಡೋದು ಸರಿ, ಸುತ್ತೋಲೆಯ ಹೆಸರಲ್ಲಿ ಬೇಡ. ಸಪ್ಲೈಯರ್ ಕಡೆಯಿಂದ ಆ ತಿಂಗಳ ಜಿಎಸ್‌ಟಿಆರ್-1ರ ಬಿ2ಸಿ ಮೊತ್ತದಲ್ಲಿ ಈ ಬಿಲ್ಲು ಸೇರಿದೆ ಅಂತ ಪತ್ರ, ಜೊತೆಗೆ ನಿಮ್ಮ ಬ್ಯಾಂಕ್ ಪಾವತಿ, ಇಷ್ಟು ಸಾಕ್ಷಿಯಾಗಿ ಇಡಿ. 2025ರಲ್ಲಿ ಸುಪ್ರೀಂ ಕೋರ್ಟ್ ಅಬರ್‌ಡೇರ್ ಟೆಕ್ನಾಲಜೀಸ್ ಪ್ರಕರಣದಲ್ಲಿ, ಫಾರ್ಮ್ ತುಂಬುವಾಗ ಆದ ಮಾನವ ಸಹಜ ತಪ್ಪನ್ನು ಗಡುವು ಮೀರಿದ ಮೇಲೂ ತಿದ್ದಲು ಬಿಡಬೇಕು, ತೆರಿಗೆ ಕೊಟ್ಟ ಖರೀದಿದಾರನ ಕ್ರೆಡಿಟ್ ತಪ್ಪಬಾರದು ಅನ್ನೋ ಧಾಟಿಯಲ್ಲಿ ಹೇಳಿದೆ. ಅದನ್ನ ಒಂದು ಸಾಲಿನಲ್ಲಿ ಹಾಕಬಹುದು.

ಶಾರದಾ, ತೆರಿಗೆ ವಕೀಲೆ

ಹಾಕಿ. ಆದರೆ ಅದು ಫಾರ್ಮ್ ತಿದ್ದಲು ಅವಕಾಶ ಕೇಳಿದ ಪ್ರಕರಣ. ಇಲ್ಲಿ ತಿದ್ದಬೇಕಾದವರು ಹುಬ್ಬಳ್ಳಿಯ ವ್ಯಾಪಾರಿ, ಅವರಿನ್ನೂ ತಿದ್ದಿಲ್ಲ. ಕೆಳಹಂತದ ಅಧಿಕಾರಿ ಇದನ್ನು ಒಪ್ಪುತ್ತಾರೆ ಎಂಬ ಭರವಸೆ ನನಗಿಲ್ಲ.

ಹಾವೇರಿ ಟೈಲ್ಸ್

ಹಂಗಾದ್ರ ಆ 57,600 ಈಗಲೇ ಬಡ್ಡಿ ಸಮೇತ ಕಟ್ಟಿಬಿಟ್ರ? 30 ದಿನದೊಳಗ ಕಟ್ಟಿದ್ರ ದಂಡ ಇಲ್ಲ ಅಂತಾರಲ್ಲ.

ಗಿರೀಶ, ಶಿವಮೊಗ್ಗ (ಅಕೌಂಟೆಂಟ್)

73(8)ರಲ್ಲಿ ಹಾಗಿದೆ. ನೋಟಿಸ್ ಹೊರಡಿಸಿದ 30 ದಿನದೊಳಗೆ ತೆರಿಗೆ, ಬಡ್ಡಿ ಕಟ್ಟಿದರೆ ದಂಡ ಇಲ್ಲ, ಪ್ರಕ್ರಿಯೆ ಮುಗಿದ ಹಾಗೆ. ಇಲ್ಲದಿದ್ದರೆ ತೆರಿಗೆಯ 10 ಪರ್ಸೆಂಟ್ ಅಥವಾ 10,000, ಯಾವುದು ಜಾಸ್ತಿಯೋ ಅದು. ಡಿಆರ್‌ಸಿ-03ರಲ್ಲಿ ನೋಟಿಸ್ ನಂಬರ್ ಹಾಕಿ ಕಟ್ಟಿ. ಆ ಭಾಗಕ್ಕೆ ದಂಡ ಹಾಕೋ ಹಾಗಿಲ್ಲ ಅಂತ ನನ್ನ ಅಭಿಪ್ರಾಯ.

ಶಾರದಾ, ತೆರಿಗೆ ವಕೀಲೆ

ಆ ಸೆಕ್ಷನ್ ಓದಿದರೆ ಪೂರ್ತಿ ಬೇಡಿಕೆ ಕಟ್ಟಿದವರ ಬಗ್ಗೆ ಹೇಳುತ್ತಿದೆ ಅನಿಸುತ್ತದೆ. ಭಾಗಶಃ ಕಟ್ಟಿದರೆ ಆ ಭಾಗಕ್ಕೆ ದಂಡ ಬೇಡ ಎಂದು ವಾದಿಸಬಹುದು, ಗೆದ್ದೇ ಗೆಲ್ಲುತ್ತೇವೆ ಅನ್ನಲಾರೆ. ಕಟ್ಟಿದರೆ ವಿಚಾರಣೆ ಎರಡು ಗಟ್ಟಿ ಅಂಶಗಳ ಮೇಲೆ ನಿಲ್ಲುತ್ತದೆ. ಕಟ್ಟದಿದ್ದರೆ ಮೂರನೆಯದರ ಹಕ್ಕು ಜೀವಂತವಾಗಿರುತ್ತದೆ. ಅದು ನಿಮ್ಮ ತೀರ್ಮಾನ. ಬಡ್ಡಿ ಲೆಕ್ಕ ಹಾಕುವ ಮೊದಲು ಕ್ರೆಡಿಟ್ ಲೆಜರ್ ನೋಡಿ. ತಪ್ಪಾಗಿ ತಗೊಂಡ ಕ್ರೆಡಿಟ್ಟನ್ನು ಬಳಸಿದ್ದರೆ ಮಾತ್ರ ಬಡ್ಡಿ. ಅಷ್ಟೂ ಕಾಲ ಲೆಜರ್ ಬಾಕಿ 57,600ಕ್ಕಿಂತ ಕೆಳಗೆ ಇಳಿಯದಿದ್ದರೆ ಬಡ್ಡಿ ಬರುವುದಿಲ್ಲ.

ಸಲ್ಮಾ, ಬಳ್ಳಾರಿ

ನಮ್ಮ ಲೆಕ್ಕಪತ್ರ ನೋಡುವವರು ಪೋರ್ಟಲ್‌ನಲ್ಲಿ ‘ನೋ’ ಒತ್ತಿದ್ದಾರೆ. ಈಗ ಡಿಆರ್‌ಸಿ-07 ಆದೇಶ ಬಂದುಬಿಟ್ಟಿದೆ, ವಿಚಾರಣೆ ಆಗೇ ಇಲ್ಲ. ಇನ್ನೇನೂ ಮಾಡೋ ಹಾಗಿಲ್ವಾ ಅಕ್ಕ?

ಶಾರದಾ, ತೆರಿಗೆ ವಕೀಲೆ

ಮಾಡಬಹುದು ಸಲ್ಮಾ. ಆದೇಶ ತಲುಪಿದ ದಿನದಿಂದ 3 ತಿಂಗಳೊಳಗೆ 107ರ ಅಡಿ ಮೇಲ್ಮನವಿ ಹಾಕಿ. ಸರಿಯಾದ ಕಾರಣವಿದ್ದರೆ ಇನ್ನೊಂದು ತಿಂಗಳು ಸಿಗಬಹುದು, ಅದರಾಚೆ ಇಲ್ಲ. ತಕರಾರಿರುವ ತೆರಿಗೆಯ 10 ಪರ್ಸೆಂಟ್ ಮುಂಗಡ ಕಟ್ಟಬೇಕು. 75(4) ಪಾಲಿಸಿಲ್ಲ ಎಂಬುದು ನಿಮ್ಮ ಮೊದಲ ಆಕ್ಷೇಪವಾಗಲಿ, ಆದರೆ ಅದೊಂದನ್ನೇ ನೆಚ್ಚಬೇಡಿ, ಲೆಕ್ಕದ ವಾದವನ್ನೂ ಪೂರ್ತಿ ಬರೆಯಿರಿ. ಹೈಕೋರ್ಟಿಗೆ ರಿಟ್ ಹಾಕುವ ದಾರಿಯೂ ಇದೆ. ನಿಮ್ಮ ಮೊತ್ತಕ್ಕೆ ಅದು ತೂಗುತ್ತದೆಯೋ ಎಂದು ಹತ್ತಿರದ ವಕೀಲರ ಜೊತೆ ಕೂತು ನೋಡಿ. ಆದೇಶ ತಲುಪಿದ ದಿನಾಂಕ ಈಗಲೇ ಬರೆದಿಟ್ಟುಕೊಳ್ಳಿ.

ಹಾವೇರಿ ಟೈಲ್ಸ್

ಉತ್ತರ ಹಾಕೀನ್ರಿ, ಯೆಸ್ ಒತ್ತಿ, ಪ್ಯಾರಾನೂ ಹಾಕೀನಿ. 57,600 ಕಟ್ಟಿಲ್ಲ, ವಾದ ಮಾಡೂದಂತ ಮನ್ಯಾಗ ತೀರ್ಮಾನ ಆತು. ವಿಚಾರಣೆ ದಿನಾಂಕ ಬಂದೈತಿ, ನಮ್ಮ ಊರಾಗಿನ ಕಚೇರಿಯಾಗ. ಅವತ್ತು ನನಗ ಬೆಂಗಳೂರಿಗೆ ಆಸ್ಪತ್ರಿಗೆ ಹೋಗೂದೈತಿ. ತಮ್ಮನ್ನ ಕಳಸಬಹುದೇನ್ರಿ? ಅವನೇ ಲೆಕ್ಕ ತಗದಾವ.

ಗಿರೀಶ, ಶಿವಮೊಗ್ಗ (ಅಕೌಂಟೆಂಟ್)

ಕಳಿಸಬಹುದು. ಸೆಕ್ಷನ್ 116ರಲ್ಲಿ ಸಂಬಂಧಿಕರು, ಖಾಯಂ ನೌಕರರು ಕೂಡ ಪ್ರತಿನಿಧಿ ಆಗಬಹುದು ಅಂತಿದೆ. ನೀವು ಸಹಿ ಮಾಡಿದ ಅಧಿಕಾರ ಪತ್ರ, ಅವರ ಗುರುತಿನ ಚೀಟಿ ಕೊಟ್ಟು ಕಳಿಸಿ. ಪತ್ರದಲ್ಲಿ ನೋಟಿಸ್ ನಂಬರ್, ದಿನಾಂಕ ಇರಲಿ. ನೀವೇ ಹೋಗಬೇಕು ಅನಿಸಿದರೆ 75(5)ರ ಅಡಿ ಮುಂದೂಡಲು ಕೇಳಬಹುದು, ಹೆಚ್ಚೆಂದರೆ ಮೂರು ಸಲ. ಸುಮ್ಮನೆ ಹೋಗದೇ ಇರಬೇಡಿ. ಆಸ್ಪತ್ರೆ ಚೀಟಿ ಲಗತ್ತಿಸಿ, ಹಿಂದಿನ ದಿನವೇ ಕೋರಿಕೆ ಹಾಕಿ. ನಾನಾದರೆ ತಮ್ಮನನ್ನೇ ಕಳಿಸುತ್ತೇನೆ. 2022-23ಕ್ಕೆ ಆದೇಶ ಮಾಡಲು ಅವರಿಗೆ 2026ರ ಡಿಸೆಂಬರ್ 31 ಕೊನೆ, ಮುಂದೂಡುತ್ತಾ ಹೋದರೆ ಆ ಗಡುವಿನ ಗಡಿಬಿಡಿಯಲ್ಲಿ ನಿಮ್ಮ ಫೈಲು ಸಿಕ್ಕಿಕೊಳ್ಳುತ್ತೆ.

ಹಾವೇರಿ ಟೈಲ್ಸ್

ತಮ್ಮ ಹೋಗಿ ಬಂದ. ಸಿಟಿಒ ಸಾಹೇಬ್ರು ಸಮಾಧಾನದಿಂದ ಕೇಳಿದ್ರಂತ. ಲಾರಿ ಬಾಡಿಗಿದು ಹೆಚ್ಚು ಕೇಳಲೇ ಇಲ್ಲ, ಚಲನ್ ನೋಡಿ ತಲಿ ಅಲ್ಲಾಡಿಸಿದ್ರಂತ. ಮಾರ್ಚ್ ಬಿಲ್ಲಿಗೆ ಒಂದು ಪ್ರಶ್ನೆ: ‘ಇದೇ ಕ್ರೆಡಿಟ್ 2021-22ರಾಗೂ ತಗೊಂಡಿಲ್ಲ ಅನ್ನೂದಕ್ಕ ಏನು ಆಧಾರ?’ ವಿಚಾರಣೆ ದಾಖಲೆ ಹಾಳಿಯಾಗ ‘ಐದು ದಿನದಲ್ಲಿ ಲಿಖಿತ ಹೇಳಿಕೆ ಸಲ್ಲಿಸುತ್ತೇವೆ’ ಅಂತ ಬರಸಿ ಸಹಿ ಮಾಡಿ ಬಂದಾನ. ಈಗ ಏನ್ ಬರೀಬೇಕು?

ಶಾರದಾ, ತೆರಿಗೆ ವಕೀಲೆ

ದಾಖಲೆಯಲ್ಲಿ ಬರೆಸಿದ್ದು ತುಂಬಾ ಒಳ್ಳೆಯದಾಯಿತು. ಬಾಯಿಮಾತಲ್ಲಿ ‘ಕೊಡ್ತೀವಿ’ ಅಂದು ಬಂದವರ ಹೇಳಿಕೆ ತಲುಪುವ ಮೊದಲೇ ಆದೇಶ ಸಿದ್ಧವಾಗಿದ್ದು ಉಂಟು. ಆ ಹಾಳೆಯ ಪ್ರತಿಯನ್ನೂ ಕೇಳಿ ತಗೊಳ್ಳಿ.

ಹೇಳಿಕೆ ಎರಡು ಪುಟ ಸಾಕು. ಉತ್ತರವನ್ನು ಮತ್ತೆ ನಕಲು ಮಾಡಬೇಡಿ. ಅಧಿಕಾರಿ ಆದೇಶ ಬರೆಯಲು ಕೂತಾಗ ಮೇಜಿನ ಮೇಲೆ ಇದೊಂದೇ ಇದ್ದರೂ ಕೆಲಸ ನಡೆಯಬೇಕು, ಹಾಗೆ ಬರೆಯಿರಿ. ಮೊದಲ ಸಾಲಿನಲ್ಲಿ ನೋಟಿಸ್ ನಂಬರ್, ವಿಚಾರಣೆ ನಡೆದ ದಿನ, ಯಾರು ಹಾಜರಿದ್ದರು. ಅದರ ಕೆಳಗೆ 2,36,600 ಹೇಗೆ ಮೂರು ಭಾಗವಾಗುತ್ತದೆ ಎಂಬ ಪುಟ್ಟ ಕೋಷ್ಟಕ, ಪ್ರತಿ ಮೊತ್ತದ ಎದುರು ಅದರ ದಾಖಲೆ ಲಗತ್ತಿನ ಎಷ್ಟನೇ ಪುಟದಲ್ಲಿದೆ ಎಂಬುದು.

ಆಮೇಲೆ ಅವರು ಕೇಳಿದ ಪ್ರಶ್ನೆ. ಅದಕ್ಕೇ ಹೆಚ್ಚು ಜಾಗ ಕೊಡಿ. ‘ವಿಚಾರಣೆಯ ವೇಳೆ, ಸದರಿ ಕ್ರೆಡಿಟ್ ಹಿಂದಿನ ಸಾಲಿನಲ್ಲೂ ಪಡೆಯಲಾಗಿದೆಯೇ ಎಂದು ಕೇಳಲಾಯಿತು’ ಎಂದು ಅವರ ಮಾತನ್ನೇ ಬರೆದು ಉತ್ತರಿಸಿ. 2022ರ ಮಾರ್ಚ್ 2ಬಿಯಲ್ಲಿ ಬಂದ ಮೊತ್ತ ಎಷ್ಟು, ಮಾರ್ಚ್ 3ಬಿಯಲ್ಲಿ ತಗೊಂಡಿದ್ದು ಎಷ್ಟು, ಕಡಿಮೆ ಬಿದ್ದದ್ದು ಸರಿಯಾಗಿ 1,17,000. ಅದೇ ಮೊತ್ತ ಏಪ್ರಿಲ್ 3ಬಿಯಲ್ಲಿ ಹೆಚ್ಚು. ಖರೀದಿ ಪುಸ್ತಕದ ಎರಡೂ ತಿಂಗಳ ಪುಟ ಲಗತ್ತಿಸಿ. ಮಾರ್ಚ್‌ನಲ್ಲಿ ಬೇರೆ ಯಾವುದಾದರೂ ಬಿಲ್ಲು ಹಿಂದೆ ಮುಂದೆ ಆಗಿದ್ದರೆ ಅಂತರ 1,17,000 ಆಗಿ ನಿಲ್ಲುವುದಿಲ್ಲ, ಆಗ ಅದನ್ನೂ ಬಿಡಿಸಿ ತೋರಿಸಬೇಕು. ಕಳಿಸುವ ಮೊದಲು ತಮ್ಮ ಇದನ್ನು ಇನ್ನೊಮ್ಮೆ ಕೂಡಿಸಿ ನೋಡಲಿ.

ಹುಬ್ಬಳ್ಳಿಯ ಬಿಲ್ಲಿಗೆ ನಾಲ್ಕೈದು ಸಾಲು, ಸಪ್ಲೈಯರ್ ಪತ್ರ, ಅಬರ್‌ಡೇರ್ ತೀರ್ಪಿನ ಒಂದು ಸಾಲು. ವಿಚಾರಣೆಯಲ್ಲಿ ಹೇಳದ ಹೊಸ ವಾದ ಇಲ್ಲಿ ತೂರಿಸಬೇಡಿ. ತೀರ್ಪುಗಳ ಪಟ್ಟಿ ಬೇಡವೇ ಬೇಡ.

ಕೊನೆಗೆ ಕೋರಿಕೆಯನ್ನು ಬಿಡಿಬಿಡಿಯಾಗಿ ಇಡಿ. 62,000 ಮತ್ತು 1,17,000 ಪೂರ್ತಿ ಕೈಬಿಡಬೇಕು. 57,600 ಕೂಡ ಕೈಬಿಡಬೇಕು, ಅದನ್ನು ಒಪ್ಪದ ಪಕ್ಷದಲ್ಲಿ ಬಡ್ಡಿಯನ್ನು ಬಳಸಿದ ಮೊತ್ತಕ್ಕೆ ಮಾತ್ರ ಸೀಮಿತಗೊಳಿಸಬೇಕು. ಹೀಗೆ ಬೇರೆ ಮಾಡದಿದ್ದರೆ, ಒಂದು ಅಂಶ ಬಿದ್ದಾಗ ಇಡೀ ಬೇಡಿಕೆಯನ್ನು ಒಟ್ಟಿಗೆ ಖಾಯಂ ಮಾಡುವುದು ಸುಲಭವಾಗುತ್ತದೆ.

ಗಿರೀಶ, ಶಿವಮೊಗ್ಗ (ಅಕೌಂಟೆಂಟ್)

ಸಲ್ಲಿಸೋದು ಪೋರ್ಟಲ್‌ನಲ್ಲಿ ಅದೇ ಕೇಸ್ ಫೋಲ್ಡರ್‌ನ ರಿಪ್ಲೈ ಭಾಗದಲ್ಲಿ. ಎರಡನೇ ಸಲ ಉತ್ತರ ಹಾಕಲು ಬಿಡದಿದ್ದರೆ ಆ ಪರದೆಯ ಫೋಟೊ ತೆಗೆದಿಟ್ಟು, ಕಚೇರಿಯ ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಅದನ್ನೇ ಸ್ಕ್ಯಾನ್ ಮಾಡಿ ಕಚೇರಿಯ ಅಧಿಕೃತ ಇ-ಮೇಲ್‌ಗೂ ಕಳಿಸಿ. ಐದನೇ ದಿನದ ತನಕ ಕಾಯಬೇಡಿ.

ಹಾವೇರಿ ಟೈಲ್ಸ್

ಮಾರ್ಚ್ ತಿಂಗಳ ಅಂತರ ತಗದ್ವಿ. 1,17,000 ಅಲ್ಲ, 1,19,700 ಬಂತು. 2,700ರದು ಒಂದು ಕಾರಿನ ಖರ್ಚಿನ ಬಿಲ್ಲು, ಅದರ ಕ್ರೆಡಿಟ್ ನಾವು ತಗೊಳ್ಳೂದೇ ಇಲ್ಲ. ಅದನ್ನೂ ಬಿಡಿಸಿ ಬರದೀವಿ. ಎರಡು ಪುಟ, ಹನ್ನೊಂದು ಪುಟದ ಲಗತ್ತು. ಪೋರ್ಟಲ್ ತಗೊಳ್ಳಲಿಲ್ಲ, ಟಪಾಲಿನಾಗ ಕೊಟ್ಟು ಮೊಹರು ಹಾಕಿಸಿ ಮೇಲ್ ಮಾಡೀವಿ. ಆದೇಶ ಬಂದ ಮ್ಯಾಲ ಇಲ್ಲೇ ಬರೀತೀನ್ರಿ.

ಬಸವರಾಜ, ಹುಬ್ಬಳ್ಳಿ

ನಮಗೆ 2024-25ಕ್ಕೆ ನೋಟಿಸ್ ಬರಬಹುದು ಅಂತಿದ್ದಾರೆ, ಅದು 73 ಅಲ್ಲ, 74ಎ ಅಂತೆ. ಅಲ್ಲೂ ವಿಚಾರಣೆ ಇದೇ ರೀತಿ ಕೇಳಬೇಕಾ?

ಶಾರದಾ, ತೆರಿಗೆ ವಕೀಲೆ

ಹೌದು, 2024-25ರಿಂದ 74ಎ. ಗಡುವುಗಳು, ದಂಡ ತಪ್ಪಿಸಿಕೊಳ್ಳುವ ಅವಧಿ ಬದಲಾಗಿವೆ, ಅವನ್ನು ಹೊಸದಾಗಿ ಓದಿಕೊಳ್ಳಿ. 75(4) ಅದಕ್ಕೂ ಅನ್ವಯಿಸುತ್ತದೆ, ಕೋರಿಕೆಯ ಪ್ಯಾರಾ ಹಾಗೆಯೇ ಬಳಸಬಹುದು. ನೋಟಿಸ್ ಬಂದ ದಿನ ಅದರ ಕೋಷ್ಟಕವನ್ನು ಇಲ್ಲಿ ಹಾಕಿ, ಯಾವುದನ್ನು ಯಾವುದರ ಜೊತೆ ಹೋಲಿಸಿದ್ದಾರೆ ಎಂದು ಮೊದಲು ನೋಡೋಣ.